ನಡುಗೋಡೆ ತೆಗೆಯುವ ಮುನ್ನ ಅದರ ಮೇಲೆ ಕೂತಿರುವ ಭಾರ ಎಷ್ಟು ಅಂತ ನೋಡಿ

ಪ್ರಶ್ನೆ: ಸರ್, ನಮ್ಮದು ದಾವಣಗೆರೆ ನಿಟ್ಟುವಳ್ಳಿಯಲ್ಲಿ 1994ರಲ್ಲಿ ಕಟ್ಟಿದ ಮನೆ. ಕೆಳಗೊಂದು ಮನೆ, ಮೇಲೊಂದು ಮಹಡಿ. ಹಾಲ್‌ಗೂ ಊಟದ ಕೋಣೆಗೂ ನಡುವೆ ಇರುವ ಗೋಡೆಯಲ್ಲಿ 12 ಅಡಿ ತೆಗೆಸಿ ಒಂದೇ ದೊಡ್ಡ ಹಾಲ್ ಮಾಡಬೇಕು ಅಂತಿದ್ದೇವೆ. ನಮ್ಮ ಮೇಸ್ತ್ರಿ "9 ಇಂಚು ಬೀಮ್ ಹಾಕಿ 12 ಎಂಎಂ ಕಂಬಿ ನಾಲ್ಕು ಕೊಟ್ರೆ ಆಯ್ತು, ಇಂಜಿನಿಯರ್‌ಗೆ ಸುಮ್ನೆ ಯಾಕೆ ದುಡ್ಡು" ಅಂತಾರೆ. ಪಕ್ಕದ ಮನೆಯವರೂ ಹಾಗೇ ಮಾಡಿಸಿ ಮೂರು ವರ್ಷ ಆಯ್ತು, ಏನೂ ಆಗಿಲ್ಲ. ಬೀಮ್‌ಗೆ ಡಿಸೈನ್ ಅಂತ ಬೇಕೇ ಬೇಕಾ? ಅಳತೆ ಹಾಕಿದ ಸ್ಕೆಚ್, ಫೋಟೋ ಕಳಿಸಿದ್ದೇನೆ.

ಉತ್ತರ:

ನಮಸ್ಕಾರ. ಬೇಕೇ ಬೇಕು. ಬೀಮ್‌ಗೆ ಮಾತ್ರ ಅಲ್ಲ, ಬೀಮ್‌ನ ಎರಡು ತುದಿ ಎಲ್ಲಿ ಕೂರುತ್ತವೆ ಅನ್ನೋದಕ್ಕೂ, ಅದರ ಕೆಳಗಿನ ಪಾಯಕ್ಕೂ ಲೆಕ್ಕ ಬೇಕು. ನೀವು ಅಳತೆ ಸರಿಯಾಗಿ ಕಳಿಸಿದ್ದರಿಂದ ನಿಮ್ಮ ಮನೆಯ ಲೆಕ್ಕವನ್ನೇ ಇಲ್ಲಿ ಹಾಕಿ ತೋರಿಸುತ್ತೇನೆ. ಇದು ಅಂದಾಜಿನ ಲೆಕ್ಕ. ಕೆಲಸಕ್ಕೆ ಬಳಸುವ ಡ್ರಾಯಿಂಗ್ ಮಾಡಬೇಕಾದರೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಮನೆಗೆ ಬಂದು ನೋಡಲೇಬೇಕು.

ಮೊದಲು, ಈ ಗೋಡೆ ನಿಜವಾಗಿ ಭಾರ ಹೊತ್ತಿದೆಯಾ? ಹೊತ್ತಿದೆ. ಬಾಗಿಲ ಚೌಕಟ್ಟಿನ ಹತ್ತಿರದ ಫೋಟೋದಲ್ಲಿ ಗೋಡೆ 9 ಇಂಚು ದಪ್ಪ ಇದೆ ಅಂತ ಕಾಣುತ್ತದೆ. ಮನೆಯ ಯಾವ ಮೂಲೆಯಲ್ಲೂ ಪಿಲ್ಲರ್ ಇಲ್ಲ. ಮೇಲಿನ ಮಹಡಿಯಲ್ಲೂ ಸರಿಯಾಗಿ ಇದೇ ಗೆರೆಯ ಮೇಲೆ ಇನ್ನೊಂದು 9 ಇಂಚಿನ ಗೋಡೆ ಎದ್ದಿದೆ. ಈ ಮೂರೂ ಸೇರಿದರೆ ಅನುಮಾನಕ್ಕೆ ಜಾಗವಿಲ್ಲ. ಗೋಡೆ ತಟ್ಟಿ ಶಬ್ದ ಕೇಳಿ ಹೇಳುವವರಿದ್ದಾರೆ, ಅದನ್ನು ನಂಬಬೇಡಿ. ನಾಲ್ಕೂವರೆ ಇಂಚಿನ ಗೋಡೆ ಅಂದರೆ ಬರೀ ಅಡ್ಡಗೋಡೆ ಅನ್ನೋದೂ ಹಳೇ ಮನೆಗಳಲ್ಲಿ ಪೂರ್ತಿ ನಿಜವಲ್ಲ. ಅಂಥ ಗೋಡೆಯ ಮೇಲೂ ಸ್ಲ್ಯಾಬ್ ಕೂರಿಸಿದ್ದನ್ನು ನೋಡಿದ್ದೇನೆ.

ಈಗ ಭಾರ. ನಿಮ್ಮ ಹಾಲ್ 12 ಅಡಿ ಅಗಲ, ಊಟದ ಕೋಣೆ 10 ಅಡಿ. ಎರಡೂ ಕಡೆಯ ಸ್ಲ್ಯಾಬ್‌ನ ಅರ್ಧರ್ಧ ಭಾರ ಈ ನಡುಗೋಡೆಗೆ ಬರುತ್ತದೆ. ಅಂದರೆ ಆ ಕಡೆಯಿಂದ 6 ಅಡಿ, ಈ ಕಡೆಯಿಂದ 5 ಅಡಿ, ಒಟ್ಟು 11 ಅಡಿ ಅಗಲದ ಪಟ್ಟಿ. 5 ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಒಂದು ಚದರ ಅಡಿಗೆ ಸುಮಾರು 29 ಕೆಜಿ ತೂಗುತ್ತದೆ. ಅದರ ಮೇಲಿನ ಗಾರೆ, ಟೈಲ್ಸ್ 9 ಕೆಜಿ. ಜನ, ಮಂಚ, ಬೀರು ಇವಕ್ಕೆಲ್ಲ ಸೇರಿ ಮನೆಗಳಿಗೆ ಕಟ್ಟಡದ ಭಾರಗಳ ಭಾರತೀಯ ಕೋಡ್ ಐಎಸ್ 875 ಹೇಳುವ ಲೆಕ್ಕ ಒಂದು ಚದರ ಮೀಟರ್‌ಗೆ 200 ಕೆಜಿ, ಅಂದರೆ ಚದರ ಅಡಿಗೆ 19 ಕೆಜಿ. ಒಟ್ಟು 57. ಇದನ್ನು 11 ಅಡಿಯಿಂದ ಗುಣಿಸಿದರೆ ಗೋಡೆಯ ಒಂದೊಂದು ಅಡಿ ಉದ್ದಕ್ಕೂ ಸುಮಾರು 630 ಕೆಜಿ.

ಇದು ಬರೀ ಮೊದಲ ಸ್ಲ್ಯಾಬ್. ಅದರ ಮೇಲೆ ಮಹಡಿಯ ಗೋಡೆ ಇದೆ. ಎರಡೂ ಕಡೆ ಪ್ಲಾಸ್ಟರ್ ಆದ 9 ಇಂಚಿನ ಇಟ್ಟಿಗೆ ಗೋಡೆ, ಒಂಬತ್ತೂವರೆ ಅಡಿ ಎತ್ತರ. ಅಡಿ ಉದ್ದಕ್ಕೆ 450 ಕೆಜಿ. ಆ ಗೋಡೆಯ ಮೇಲೆ ತಾರಸಿಯ ಸ್ಲ್ಯಾಬ್ ಕೂತಿದೆ. ತಾರಸಿಗೆ ನೀರು ಇಳಿಯಲಿ ಅಂತ ಹಾಕಿರುವ ಇಟ್ಟಿಗೆ ಚೂರು, ಸುರ್ಕಿ ಲೇಯರ್ ಒಂದು ಚದರ ಅಡಿಗೆ 19 ಕೆಜಿಗೆ ಕಡಿಮೆ ಇರುವುದಿಲ್ಲ. ಅದೆಲ್ಲ ಸೇರಿ ಇನ್ನೊಂದು 680 ಕೆಜಿ.

ಕೂಡಿಸಿ ನೋಡಿ. ಅಡಿಗೆ 1,760 ಕೆಜಿ ಆಯಿತು. ಹೊಸದಾಗಿ ಹಾಕುವ ಬೀಮ್‌ನ ಸ್ವಂತ ತೂಕವೂ ಸೇರಿ 1,840 ಅಂತ ಇಟ್ಟುಕೊಳ್ಳಿ. ನೀವು ತೆಗೆಯಬೇಕು ಅಂದಿರುವುದು 12 ಅಡಿ. ಅಲ್ಲಿಗೆ 22 ಟನ್. 50 ಕೆಜಿ ಸಿಮೆಂಟ್ ಚೀಲದ ಲೆಕ್ಕದಲ್ಲಿ 440 ಚೀಲವನ್ನು ಆ ತೆರಪಿನ ಮೇಲೆ ಪೇರಿಸಿಟ್ಟ ಹಾಗೆ. ಇಷ್ಟು ವರ್ಷ ಅದನ್ನು ಆ ಗೋಡೆ ಸದ್ದಿಲ್ಲದೆ ಹೊತ್ತುಕೊಂಡಿದೆ.

ಗೋಡೆ ಹೊರುವುದಕ್ಕೂ ಬೀಮ್ ಹೊರುವುದಕ್ಕೂ ವ್ಯತ್ಯಾಸ ಇದೆ. ಗೋಡೆಗೆ ಭಾರ ಮೇಲಿಂದ ನೇರ ಕೆಳಗೆ ಇಳಿದು ಪಾಯಕ್ಕೆ ಹೋಗುತ್ತದೆ. ಇಟ್ಟಿಗೆಗೆ ಬರೀ ಒತ್ತಡ, ಅದನ್ನು ಇಟ್ಟಿಗೆ ಚೆನ್ನಾಗಿ ತಡೆಯುತ್ತದೆ. ಬೀಮ್‌ಗೆ ಹಾಗಲ್ಲ. ಮೇಲಿಂದ ಬಂದ ಭಾರವನ್ನು ಅಡ್ಡಡ್ಡ ಸಾಗಿಸಿ ಎರಡು ತುದಿಗೆ ಮುಟ್ಟಿಸಬೇಕು. ಹಾಗೆ ಸಾಗಿಸುವಾಗ ಅದು ಬಾಗುತ್ತದೆ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಬಾಗಿಸುವ ಬಲ ಭಾರದ ಜೊತೆ ಮಾತ್ರ ಅಲ್ಲ, ತೆರಪಿನ ಉದ್ದದ ವರ್ಗದ ಜೊತೆ ಏರುತ್ತದೆ. ಉದ್ದ ಎರಡರಷ್ಟಾದರೆ ಬಲ ನಾಲ್ಕರಷ್ಟು. 3 ಅಡಿ ಬಾಗಿಲ ಮೇಲೆ ಹಾಕಿದ ಲಿಂಟಲ್ ನೋಡಿ 12 ಅಡಿಗೆ ಅಂದಾಜು ಮಾಡಿದರೆ ತಪ್ಪುವುದು ಇಲ್ಲೇ.

ನಿಮ್ಮ ಬೀಮ್ ಎರಡೂ ಕಡೆ ಒಂದೊಂದು ಅಡಿ ಕೂರುತ್ತದೆ ಅಂದುಕೊಂಡರೆ ಲೆಕ್ಕದ ಉದ್ದ 3.9 ಮೀಟರ್. ಮೀಟರ್‌ಗೆ 6 ಟನ್ ಭಾರ. ಬಾಗಿಸುವ ಬಲ ಸುಮಾರು 11 ಟನ್-ಮೀಟರ್ ಬರುತ್ತದೆ. ಈಗ ಮೇಸ್ತ್ರಿ ಹೇಳಿದ ಬೀಮ್ ನೋಡೋಣ. 9 ಇಂಚು ಅಗಲ, 9 ಇಂಚು ಎತ್ತರ, ಮೇಲೆ ಎರಡು, ಕೆಳಗೆ ಎರಡು 12 ಎಂಎಂ ಕಂಬಿ. ಕೆಲಸ ಮಾಡುವುದು ಕೆಳಗಿನ ಎರಡೇ. ಕಾಂಕ್ರೀಟ್ ಕೆಲಸದ ಕೋಡ್ ಐಎಸ್ 456ರ ಪ್ರಕಾರ ಲೆಕ್ಕ ಹಾಕಿದರೆ ಅದು ಸುರಕ್ಷಿತವಾಗಿ ತಡೆಯುವುದು 1.1 ಟನ್-ಮೀಟರ್. ಬೇಕಾದ್ದರ ಹತ್ತನೇ ಒಂದು ಪಾಲು. ಸುರಕ್ಷತೆಗೆ ಅಂತ ಬಿಟ್ಟ ಅಂತರವನ್ನೆಲ್ಲ ತೆಗೆದು ಹಾಕಿದರೂ ಅದು ನಿಲ್ಲುವುದಿಲ್ಲ.

"ಹಾಗಾದರೆ ಕಂಬಿ ಜಾಸ್ತಿ ಹಾಕ್ತೀನಿ ಬಿಡಿ" ಅಂತ ಮೇಸ್ತ್ರಿ ಹೇಳಬಹುದು. ಅದೂ ನಡೆಯುವುದಿಲ್ಲ. 9 ಇಂಚು ಎತ್ತರದ ಬೀಮ್‌ಗೆ ಕೆಳಗೆ ಎಷ್ಟು ಕಂಬಿ ತುಂಬಿದರೂ ಅಷ್ಟು ಎಳೆತಕ್ಕೆ ಎದುರಾಗಿ ಮೇಲೆ ಒತ್ತಿಕೊಳ್ಳಲು ಕಾಂಕ್ರೀಟ್ ಸಾಲದು. ಕಂಬಿ ಹಿಗ್ಗಿ ಬಿರುಕು ತೋರಿಸಿ ಎಚ್ಚರಿಸುವ ಮೊದಲೇ ಮೇಲಿನ ಕಾಂಕ್ರೀಟ್ ಪುಡಿಯಾಗುತ್ತದೆ. ಅದು ದಿಢೀರ್ ಆಗುವ ಸೋಲು. ಇನ್ನು ತುದಿಯ ಹತ್ತಿರ ಓರೆಯಾಗಿ ಕತ್ತರಿಸುವ ಬಲ ಬೇರೆ ಇದೆ. ಅದು ಈ ಸೈಜಿನ ಬೀಮ್‌ಗೆ ಎಷ್ಟೇ ರಿಂಗು ಕಟ್ಟಿದರೂ ಐಎಸ್ 456 ಒಪ್ಪುವ ಮಿತಿ ದಾಟುತ್ತದೆ. ಇದಕ್ಕೆ ಮದ್ದು ಎತ್ತರ ಒಂದೇ. ಆರ್‌ಸಿಸಿಯಲ್ಲೇ ಮಾಡುವುದಾದರೆ ನಿಮ್ಮ ಮನೆಗೆ 9 ಇಂಚು ಅಗಲ, 24 ಇಂಚು ಎತ್ತರದ ಬೀಮ್ ಬೇಕು. ಕೆಳಗೆ 20 ಎಂಎಂ ಕಂಬಿ ಮೂರು, ತುದಿಗಳ ಹತ್ತಿರ 6 ಇಂಚಿಗೊಂದು 8 ಎಂಎಂ ರಿಂಗು. ಹತ್ತಡಿ ಎತ್ತರದ ಕೋಣೆಯಲ್ಲಿ 2 ಅಡಿ ಬೀಮ್ ಇಳಿದರೆ ಕೆಳಗೆ 8 ಅಡಿ ಉಳಿಯುತ್ತದೆ. ನೋಡಲು ಸ್ವಲ್ಪ ಭಾರ ಅನ್ನಿಸುತ್ತದೆ, ಓಡಾಡಲು ತೊಂದರೆಯಿಲ್ಲ.

ಹಾಗಾದರೆ ಪಕ್ಕದ ಮನೆ ಯಾಕೆ ಬಿದ್ದಿಲ್ಲ? ಇದು ಸರಿಯಾದ ಪ್ರಶ್ನೆ. ಅವರ ಮನೆಗೆ ಮೇಲೆ ಮಹಡಿ ಇದೆಯೋ ಇಲ್ಲವೋ, ಸ್ಲ್ಯಾಬ್ ಯಾವ ದಿಕ್ಕಿಗೆ ಹಾಸಿದ್ದಾರೋ, ತೆಗೆದ ಗೋಡೆ ಎಷ್ಟು ಉದ್ದವೋ, ನೀವು ಬರೆದಿಲ್ಲ. ಮಹಡಿ ಇಲ್ಲದಿದ್ದರೆ ಭಾರ ಅರ್ಧಕ್ಕಿಂತ ಕಡಿಮೆ. ಸ್ಲ್ಯಾಬ್‌ನ ಮುಖ್ಯ ಕಂಬಿ ಆ ಗೋಡೆಗೆ ಸಮಾನಾಂತರವಾಗಿ ಹೋಗಿದ್ದರೆ ಗೋಡೆಯ ಮೇಲೆ ಸ್ಲ್ಯಾಬ್‌ನ ಭಾರವೇ ಹೆಚ್ಚು ಇರುವುದಿಲ್ಲ. ಮಹಡಿ ಇದ್ದರೂ ಎರಡು ಸಂಗತಿಗಳು ಕೆಲವು ಕಾಲ ಮನೆಯನ್ನು ಹಿಡಿದು ನಿಲ್ಲಿಸುತ್ತವೆ. ಇಟ್ಟಿಗೆ ಗೋಡೆ ಕೆಳಗೆ ಆಧಾರ ತಪ್ಪಿದಾಗ ತಾನೇ ಒಳಗೊಳಗೆ ಕಮಾನಿನ ಹಾಗೆ ಭಾರವನ್ನು ಎರಡೂ ಪಕ್ಕಕ್ಕೆ ತಳ್ಳುತ್ತದೆ. ಸ್ಲ್ಯಾಬ್ ಕೂಡ ತನ್ನ ಶಕ್ತಿಯ ಕೊನೆ ಹನಿಯವರೆಗೆ ದುಡಿಯುತ್ತದೆ. ಐಎಸ್ ಕೋಡ್‌ಗಳು ಒಂದೂವರೆ ಪಟ್ಟಿನಷ್ಟು ಭಾರಕ್ಕೆ ಡಿಸೈನ್ ಮಾಡಿಸುತ್ತವೆ. ಪಕ್ಕದ ಮನೆ ನಿಂತಿರುವುದು ಆ ಉಳಿತಾಯವನ್ನು ಖರ್ಚು ಮಾಡಿಕೊಂಡು ಇರಬಹುದು. ಅವರ ಮಹಡಿಯ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬಿರುಕು ಇದೆಯಾ, ನೆಲದ ಟೈಲ್ಸಿಗೂ ಸ್ಕರ್ಟಿಂಗ್‌ಗೂ ನಡುವೆ ಸಂದು ಬಿಟ್ಟಿದೆಯಾ, ಮೇಲಿನ ಕೋಣೆಯ ಬಾಗಿಲು ಈಚೆಗೆ ಉಜ್ಜುತ್ತಿದೆಯಾ ಅಂತ ಕೇಳಿ ನೋಡಿ.

ಸ್ಲ್ಯಾಬ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇದನ್ನು ಮನೆ ಮಾಲೀಕರಿಗೆ ಯಾರೂ ಹೇಳುವುದಿಲ್ಲ. ನಿಮ್ಮ ಸ್ಲ್ಯಾಬ್ ಹಾಲ್‌ನ ಹೊರಗೋಡೆಯಿಂದ ಶುರುವಾಗಿ ನಡುಗೋಡೆ ದಾಟಿ ಊಟದ ಕೋಣೆಯ ಹೊರಗೋಡೆವರೆಗೆ ಒಂದೇ ಹಾಸಾಗಿ ಹೋಗಿದೆ. ಇಂಥ ಸ್ಲ್ಯಾಬ್ ಕೋಣೆಗಳ ನಡುವೆ ಕೆಳಕ್ಕೆ ಬಾಗುತ್ತದೆ, ನಡುಗೋಡೆಯ ಮೇಲೆ ಮಾತ್ರ ಉಲ್ಟಾ ಬಾಗುತ್ತದೆ. ಅದಕ್ಕೇ ಕಂಬಿ ಕಟ್ಟುವವರು ಕೆಳಗಿನ ಕಂಬಿಗಳಲ್ಲಿ ಒಂದು ಬಿಟ್ಟು ಒಂದನ್ನು ನಡುಗೋಡೆ ಹತ್ತಿರ ಬಂದಾಗ ಬೆಂಡ್ ಮಾಡಿ ಮೇಲಕ್ಕೆ ಎತ್ತುತ್ತಿದ್ದರು. 1994ರ ಕಾಲದ ಮನೆಗಳಲ್ಲಿ ಇದೇ ಪದ್ಧತಿ. ಅಂದರೆ ಸರಿಯಾಗಿ ಆ ಗೋಡೆಯ ತಲೆ ಮೇಲೆ ಸ್ಲ್ಯಾಬ್‌ನ ಕೆಳಭಾಗದಲ್ಲಿ ಕಂಬಿ ಅರ್ಧದಷ್ಟು ಮಾತ್ರ. ಬೀಮ್ ಸೋತು ಅಥವಾ ಸಡಿಲ ಆಗಿ ಕೆಳಗೆ ಇಳಿದರೆ 12 ಮತ್ತು 10 ಅಡಿಯ ಎರಡು ಸ್ಲ್ಯಾಬ್‌ಗಳು 22 ಅಡಿಯ ಒಂದೇ ಸ್ಲ್ಯಾಬ್ ಆಗಿಬಿಡುತ್ತವೆ. ಬಾಗಿಸುವ ಬಲ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಅದೂ ಎಲ್ಲಿ ಕೆಳಗೆ ಕಂಬಿ ಕಡಿಮೆ ಇದೆಯೋ ಅಲ್ಲೇ. ಗೋಡೆ ಇದ್ದ ಜಾಗದಲ್ಲಿ ಛಾವಣಿಯ ಕೆಳಗೆ ಉದ್ದಕ್ಕೆ ಒಂದು ಗೆರೆಯ ಬಿರುಕು ಕಂಡರೆ ಅದು ಪ್ಲಾಸ್ಟರ್ ಬಿರುಕು ಅಂತ ಪುಟ್ಟಿ ಬಳಿದು ಮುಚ್ಚಬಾರದು.

ಈಗ ನನ್ನ ಮಟ್ಟಿಗೆ ಬೀಮ್‌ಗಿಂತ ಮುಖ್ಯವಾದ ವಿಷಯ. ಬೀಮ್‌ನ ತುದಿಗಳು.

22 ಟನ್ ಎಲ್ಲೂ ಮಾಯ ಆಗುವುದಿಲ್ಲ. 12 ಅಡಿ ಉದ್ದಕ್ಕೆ ಹರಡಿಕೊಂಡಿದ್ದದ್ದು ಎರಡು ಜಾಗಕ್ಕೆ ಬಂದು ನಿಲ್ಲುತ್ತದೆ. ಬೀಮ್ ಕೂರುವ ತುದಿಯ ಭಾಗವೂ ಸೇರಿ ಒಂದೊಂದು ಕಡೆ 12 ಟನ್‌ಗೆ ಹತ್ತಿರ. ಈಗ ನಿಮ್ಮ ಗೋಡೆಯ ಬುಡದಲ್ಲಿ ಒಂದು ಚದರ ಇಂಚಿಗೆ ಸುಮಾರು 20 ಕೆಜಿ ಒತ್ತಡ ಇದೆ. ನಮ್ಮ ಕಡೆ ಸಿಗುವ ಸಾಧಾರಣ ಇಟ್ಟಿಗೆ, ಸಿಮೆಂಟ್ ಗಾರೆಯಲ್ಲಿ ಕಟ್ಟಿದ ಗೋಡೆಗೆ ಇಟ್ಟಿಗೆ ಗೋಡೆಗಳ ಕೋಡ್ ಐಎಸ್ 1905ರ ಲೆಕ್ಕದಲ್ಲಿ 25ರಿಂದ 30 ಕೆಜಿ ತನಕ ಒಪ್ಪಬಹುದು. ಬೀಮ್ ತುದಿಯಂಥ ಒಂದೇ ಜಾಗದ ಭಾರಕ್ಕೆ ಸ್ವಲ್ಪ ಜಾಸ್ತಿ, ಒಂದೂವರೆ ಪಟ್ಟು ಅಂತ ಇಟ್ಟುಕೊಳ್ಳಿ. ಆದರೆ 9 ಇಂಚು ಅಗಲ, 1 ಅಡಿ ಉದ್ದದ ಜಾಗದ ಮೇಲೆ 12 ಟನ್ ಇಟ್ಟರೆ ಚದರ ಇಂಚಿಗೆ 110 ಕೆಜಿ ಆಗುತ್ತದೆ. ಇಟ್ಟಿಗೆ ತಡೆಯುವುದಿಲ್ಲ.

ನಾನು ನೋಡಿದ ಒಂದು ಮನೆಯಲ್ಲಿ ಗುಜರಿಯಿಂದ ತಂದ ಹಳೇ ರೈಲು ಕಂಬಿಯನ್ನು ಬೀಮ್ ಮಾಡಿ ಹಾಕಿದ್ದರು. ಕಂಬಿಗೆ ಏನೂ ಆಗಿರಲಿಲ್ಲ. ಆದರೆ ಅದು ಗೋಡೆಯ ಮೇಲೆ ಕೂತಿದ್ದದ್ದು ಬರೀ ನಾಲ್ಕು ಇಂಚು. ಅದರ ಕೆಳಗಿನ ಎರಡು ಸಾಲು ಇಟ್ಟಿಗೆ ಚಿಪ್ಪಾಗಿ ಎದ್ದಿತ್ತು, ಬೆರಳಲ್ಲಿ ಕೆದರಿದರೆ ಕೆಂಪು ಪುಡಿ ಉದುರುತ್ತಿತ್ತು. ಪ್ಲಾಸ್ಟರ್ ಅದನ್ನೆಲ್ಲ ಮುಚ್ಚಿಕೊಂಡಿತ್ತು. ಮೇಲಿನ ಕೋಣೆಯ ಕಿಟಕಿ ಗಾಜು ಒಡೆದ ಮೇಲೆ ಮನೆಯವರಿಗೆ ಅನುಮಾನ ಬಂದದ್ದು.

ನಿಮ್ಮ ಸ್ಕೆಚ್‌ನಲ್ಲಿ ರಸ್ತೆ ಕಡೆಯ ತುದಿ ಪರವಾಗಿಲ್ಲ. ಅಲ್ಲಿ ಹೊರಗೋಡೆ ಅಡ್ಡ ಬಂದು ಸೇರುತ್ತದೆ. ನನಗೆ ಚಿಂತೆ ಅಡುಗೆಮನೆ ಕಡೆಯದು. ಅಲ್ಲಿ ನೀವು ಎರಡೂವರೆ ಅಡಿ ಗೋಡೆ ಬಿಟ್ಟಿದ್ದೀರಿ, ಅದರ ಪಕ್ಕದಲ್ಲೇ 3 ಅಡಿ ಬಾಗಿಲು. ಆ ತುಂಡು ಗೋಡೆಗೆ ಈಗಲೇ ಬಾಗಿಲ ಮೇಲಿನ ಅರ್ಧ ಭಾರವೂ ಬರುತ್ತಿದೆ. ಚದರ ಇಂಚಿಗೆ 30 ಕೆಜಿ ಹತ್ತಿರ ಇದೆ, ಅಂದರೆ ಮಿತಿಯ ಅಂಚಿನಲ್ಲಿದೆ. ಹೊಸ ಬೀಮ್‌ನ 12 ಟನ್ ಸೇರಿದರೆ ಇಡೀ ತುಂಡಿಗೆ ಸರಾಸರಿ 70ಕ್ಕಿಂತ ಮೇಲೆ ಹೋಗುತ್ತದೆ. ಬೀಮ್ ಎಷ್ಟೇ ಗಟ್ಟಿ ಹಾಕಿದರೂ ಈ ತುಂಡು ಗೋಡೆ ಸೀಳುತ್ತದೆ. ಹಾಗಾಗಿ ಎರಡೂ ತುದಿಗೆ ಆರ್‌ಸಿಸಿ ಕಾಲಂ ಬೇಕು, 9 ಇಂಚು ಅಗಲ, 12 ಇಂಚು ಉದ್ದ. ಅವನ್ನು ಉಳಿದ ಗೋಡೆಯೊಳಗೆ ಕೊರೆದು ಕೂರಿಸುವುದು ಬೇಡ, ತೆರಪಿನ ಒಳಗೇ ಗೋಡೆಗೆ ಅಂಟಿದ ಹಾಗೆ ನಿಲ್ಲಿಸಿ. ತೆರಪು 10 ಅಡಿಗೆ ಇಳಿಯುತ್ತದೆ. ಅಷ್ಟು ಬಿಟ್ಟುಕೊಡಿ.

ಕಾಲಂ ಆದ ಮೇಲೆ ಪಾಯ. ನಿಟ್ಟುವಳ್ಳಿ ಕಡೆ ನಿಮ್ಮ ಜಾಗದಲ್ಲಿ ಎರೆ ಮಣ್ಣು ಇದೆಯೋ ಗರಸು ಇದೆಯೋ ಒಂದು ಗುಂಡಿ ತೋಡಿ ನೋಡಬೇಕು. ಎರೆ ಮಣ್ಣಾದರೆ ಎಚ್ಚರ ಜಾಸ್ತಿ ಬೇಕು. ಅದು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ನಿಮ್ಮ ಸೈಜುಗಲ್ಲಿನ ಪಾಯ ಇಷ್ಟು ವರ್ಷ ಉದ್ದಕ್ಕೂ ಒಂದೇ ಸಮ ಭಾರ ಹೊತ್ತು ಮಣ್ಣನ್ನು ಒತ್ತಿ ಹಿಡಿದಿದೆ. ಗೋಡೆ ತೆಗೆದರೆ ನಡುವೆ ಭಾರ ಹೋಗುತ್ತದೆ, ಅಲ್ಲಿ ಮಣ್ಣು ಮೇಲೇಳಲು ನೋಡುತ್ತದೆ. ಎರಡು ತುದಿಗೆ ಭಾರ ಜಾಸ್ತಿಯಾಗಿ ಅಲ್ಲಿ ಕೆಳಗೆ ಕೂರುತ್ತದೆ. ಒಂದೆರಡು ಮಳೆಗಾಲ ಕಳೆಯುವ ಹೊತ್ತಿಗೆ ಹಾಲ್ ನಡುವಿನ ಟೈಲ್ಸ್ ಉಬ್ಬಿ ನಿಲ್ಲುತ್ತವೆ, ತುದಿಯ ಗೋಡೆಗಳು ಬಿರಿಯುತ್ತವೆ.

ಇದಕ್ಕೆ ಎರಡು ದಾರಿ. ಒಂದು, ಕಾಲಂಗಳಿಗೆ ಬೇರೆಯೇ ಫುಟಿಂಗ್ ಹಾಕಿ ಗಟ್ಟಿ ನೆಲದವರೆಗೆ ಇಳಿಸುವುದು. ಹಳೇ ಪಾಯದ ಪಕ್ಕದಲ್ಲೇ ಗುಂಡಿ ತೋಡಬೇಕಾಗುತ್ತದೆ. ಎರಡೂ ಗುಂಡಿ ಒಟ್ಟಿಗೆ ತೋಡಬಾರದು, ಒಂದು ಮುಗಿಸಿ ಮುಚ್ಚಿದ ಮೇಲೆ ಇನ್ನೊಂದು. ಮಳೆಗಾಲದಲ್ಲಂತೂ ಬೇಡವೇ ಬೇಡ. ಎರಡನೆಯ ದಾರಿ ನನಗೆ ನಿಮ್ಮ ಮನೆಗೆ ಹೆಚ್ಚು ಒಪ್ಪುತ್ತದೆ. ಹಳೇ ಕಲ್ಲಿನ ಪಾಯದ ತಲೆ ಮೇಲೆ, ನೆಲದ ಟೈಲ್ಸ್ ಕೆಳಗೆ, ಒಂದು ಕಾಲಂನಿಂದ ಇನ್ನೊಂದು ಕಾಲಂವರೆಗೆ ಮತ್ತು ಎರಡೂ ಕಡೆ ಸ್ವಲ್ಪ ಮುಂದಕ್ಕೆ ಒಂದು ಆರ್‌ಸಿಸಿ ಬೀಮ್ ಹಾಸುವುದು. ಕಾಲಂ ತಂದು ಸುರಿದ ಭಾರವನ್ನು ಅದು ಮತ್ತೆ ಇಡೀ ಪಾಯದ ಉದ್ದಕ್ಕೆ ಹರಡುತ್ತದೆ. ಮೇಲಿನ ಬೀಮ್ ಮಾಡುವ ಕೆಲಸವನ್ನೇ ಇದು ತಲೆಕೆಳಗಾಗಿ ಮಾಡುತ್ತದೆ. ಆದ್ದರಿಂದ ಇದರ ಮುಖ್ಯ ಕಂಬಿ ಕಾಲಂಗಳ ನಡುವೆ ಮೇಲ್ಗಡೆ ಬರಬೇಕು. ಅಭ್ಯಾಸ ಬಲದಿಂದ ಕೆಳಗೆ ಕಟ್ಟಿಬಿಡುತ್ತಾರೆ, ಕಾಂಕ್ರೀಟ್ ಹಾಕುವ ಮೊದಲು ನೀವೇ ನಿಂತು ನೋಡಿ.

ಇಷ್ಟೆಲ್ಲ ಓದಿ ತಲೆ ಬಿಸಿಯಾಗಿದ್ದರೆ ಒಂದು ಸಲಹೆ. 12 ಅಡಿ ಬದಲು 8 ಅಡಿ ತೆಗೆಯಿರಿ. ಬಾಗಿಸುವ ಬಲ ಅರ್ಧಕ್ಕಿಂತ ಕಡಿಮೆ ಆಗುತ್ತದೆ, 9 ಇಂಚು ಅಗಲ, 18 ಇಂಚು ಎತ್ತರದ ಆರ್‌ಸಿಸಿ ಬೀಮ್ ಸಾಕಾಗುತ್ತದೆ. ಬಿಟ್ಟ 4 ಅಡಿ ಗೋಡೆಯನ್ನು ಅಡುಗೆಮನೆ ಕಡೆಗೇ ಉಳಿಸಿಕೊಂಡರೆ ಆ ತುಂಡು ಆರೂವರೆ ಅಡಿ ಆಗುತ್ತದೆ. ಇಟ್ಟಿಗೆ ಚೆನ್ನಾಗಿದ್ದರೆ ಕಾಲಂ ಇಲ್ಲದೆ ಬೀಮ್ ತುದಿಯ ಕೆಳಗೆ ಉದ್ದನೆಯ ಕಾಂಕ್ರೀಟ್ ಬೆಡ್ ಬ್ಲಾಕ್ ಕೊಟ್ಟು ಮುಗಿಸುವ ಸಾಧ್ಯತೆಯೂ ಇದೆ. ಅಲ್ಲೂ ಲೆಕ್ಕ ಅಂಚಿನಲ್ಲೇ ನಿಲ್ಲುತ್ತದೆ, ಹಾಗಾಗಿ ಇಂಜಿನಿಯರ್ ಇಟ್ಟಿಗೆ ನೋಡಿಯೇ ಹೇಳಬೇಕು. ಟಿವಿ ಗೋಡೆಗೂ ಆ ಜಾಗ ಬೇಕಾಗುತ್ತದೆ, ಅಲ್ವಾ?

12 ಅಡಿಯೇ ಬೇಕು ಅಂದರೆ, ನಾನಾದರೆ ಆರ್‌ಸಿಸಿ ಬಿಟ್ಟು ಕಬ್ಬಿಣದ ಗರ್ಡರ್ ಹಾಕಿಸುತ್ತೇನೆ. ಈಗಾಗಲೇ ಇರುವ ಸ್ಲ್ಯಾಬ್ ಕೆಳಗೆ ಕಾಂಕ್ರೀಟ್ ಬೀಮ್ ಹಾಕುವುದು ಕಷ್ಟ. ಮೇಲಿಂದ ಸುರಿಯಲು ದಾರಿಯಿಲ್ಲ, ಪಕ್ಕದಿಂದ ತುಂಬಬೇಕು. ಒಣಗಿದಾಗ ಕಾಂಕ್ರೀಟ್ ಕುಗ್ಗಿ ಸ್ಲ್ಯಾಬ್‌ಗೂ ಬೀಮ್‌ಗೂ ನಡುವೆ ಸಂದು ಉಳಿಯುತ್ತದೆ. ಕೆಲಸ ಮುಗಿಯುವ ತನಕ ಸ್ಲ್ಯಾಬ್‌ಗೆ ಆಧಾರ ಕೊಟ್ಟ ಜಾಕಿ ತೆಗೆದ ದಿನ ಸ್ಲ್ಯಾಬ್ ಆ ಸಂದಿನಷ್ಟು ಕೆಳಗೆ ಇಳಿದು ಬೀಮ್ ಮೇಲೆ ಕೂರುತ್ತದೆ. ಬೀಮ್ ಗಟ್ಟಿಯಾಗೇ ಇರುತ್ತದೆ, ಮಹಡಿಯ ಗೋಡೆ ಬಿರುಕು ಬಿಟ್ಟಿರುತ್ತದೆ. ಜೊತೆಗೆ 6 ಮೀಟರ್ ಒಳಗಿನ ಬೀಮ್‌ಗೂ ಕನಿಷ್ಠ 14 ದಿನ ಜಾಕಿ ಬಿಡಬೇಕು, ಈಗ ಎಲ್ಲ ಕಡೆ ಬಳಸುವ ಪಿಪಿಸಿ ಸಿಮೆಂಟ್‌ಗೆ ಇನ್ನೂ ಜಾಸ್ತಿ.

ಗರ್ಡರ್‌ನಲ್ಲಿ ನಿಮ್ಮ ಮನೆಗೆ ಸರಿಹೊಂದುವುದು ಐಎಸ್‌ಎಂಬಿ 300, ಅಂದರೆ 300 ಎಂಎಂ ಎತ್ತರದ ಐ ಆಕಾರದ ಗರ್ಡರ್, ಎರಡು, ಪಕ್ಕ ಪಕ್ಕ. ಎರಡು ಕಾಲಂಗಳ ಹೊರ ಅಂಚಿನಿಂದ ಅಂಚಿಗೆ ಒಂದೊಂದು 3.6 ಮೀಟರ್ ಉದ್ದ, ಎರಡೂ ಸೇರಿ ಸುಮಾರು 320 ಕೆಜಿ. ಎತ್ತರ ಬರೀ 12 ಇಂಚು. ಅಂಗಡಿಯವರು "250 ಸಾಕು, ತೂಕ ಉಳಿಯುತ್ತೆ" ಅನ್ನಬಹುದು. ಶಕ್ತಿಯ ಲೆಕ್ಕದಲ್ಲಿ ಅವರು ಹೇಳುವುದು ಸರಿ, ಎರಡು 250 ಮುರಿಯುವುದಿಲ್ಲ. ಆದರೆ ಪೂರ್ತಿ ಭಾರಕ್ಕೆ ಅವು 9 ಮಿಲಿಮೀಟರ್ ಹತ್ತಿರ ಬಾಗುತ್ತವೆ. 300 ಹಾಕಿದರೆ 5. ಮೇಲೆ ಕೂತಿರುವುದು ಇಟ್ಟಿಗೆ ಗೋಡೆ, ಅದಕ್ಕೆ ಬಾಗುವ ಗುಣವಿಲ್ಲ. ಅದಕ್ಕೇ ನಾನು ದೊಡ್ಡದನ್ನು ಕೇಳುವುದು. ಗುಜರಿ ಗರ್ಡರ್ ಬೇಡ. ತುಕ್ಕು ಎಷ್ಟು ತಿಂದಿದೆ, ಹಿಂದೆ ಎಲ್ಲಿ ಬೆಸುಗೆ ಹಾಕಿದ್ದಾರೆ ಅಂತ ಗೊತ್ತಾಗುವುದಿಲ್ಲ.

ಎರಡು ಗರ್ಡರ್ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ಗೋಡೆಯನ್ನು ಒಂದೇ ಸಲ ಬೀಳಿಸದೆ ಕೆಲಸ ಮಾಡಬಹುದು. ಮೊದಲು ಕೆಳಗಿನ ಬೀಮ್, ಕಾಲಂ ಮುಗಿಸಿ ಕ್ಯೂರಿಂಗ್ ಆಗಲು ಬಿಡಿ. ಆಮೇಲೆ ಗೋಡೆಯ ಎರಡೂ ಕಡೆ, ಗೋಡೆಯಿಂದ 3 ಅಡಿ ದೂರದಲ್ಲಿ ಜಾಕಿ ಸಾಲು ನಿಲ್ಲಿಸಿ. ಮಹಡಿಯಲ್ಲೂ ಸರಿಯಾಗಿ ಅವುಗಳ ಮೇಲೆಯೇ ಇನ್ನೊಂದು ಸಾಲು ಬರಬೇಕು, ತಾರಸಿಯ ಭಾರವೂ ಇಳಿಯಬೇಕಲ್ಲ. ಕೆಳಗಿನ ಜಾಕಿಗಳನ್ನು ಬರೀ ಟೈಲ್ಸ್ ಮೇಲೆ ನಿಲ್ಲಿಸಬೇಡಿ. ಟೈಲ್ಸ್ ಕೆಳಗೆ ಇರುವುದು ಭರ್ತಿ ಮಣ್ಣು, ಅದು ಕುಸಿಯುತ್ತದೆ. ಉದ್ದನೆಯ ದಪ್ಪ ಹಲಗೆ ಹಾಸಿ ಅದರ ಮೇಲೆ ನಿಲ್ಲಿಸಿ. ಮಹಡಿಯ ಕೋಣೆ ಖಾಲಿ ಇರಲಿ, ಕೆಲಸ ಮುಗಿಯುವವರೆಗೆ ಯಾರೂ ಅಲ್ಲಿ ಮಲಗುವುದು ಬೇಡ.

ಆಮೇಲೆ ಹಾಲ್ ಕಡೆಯಿಂದ ಸ್ಲ್ಯಾಬ್ ಕೆಳಗೆ ಗೋಡೆಯ ಅರ್ಧ ದಪ್ಪವನ್ನು ಮಾತ್ರ ಕೊರೆದು ಮೊದಲ ಗರ್ಡರ್ ಕೂರಿಸಬೇಕು. ಇಲ್ಲಿ ದೊಡ್ಡ ಬ್ರೇಕರ್ ಮೆಷಿನ್ ಬೇಡ, ಅದರ ಅದುರು ಉಳಿದರ್ಧ ಗೋಡೆಯ ಗಾರೆಯನ್ನೂ ಸಡಿಲ ಮಾಡುತ್ತದೆ. ಉಳಿ, ಸುತ್ತಿಗೆ ಅಥವಾ ಕಟ್ಟರ್ ಸಾಕು. ಗರ್ಡರ್‌ನ ತಲೆಗೂ ಸ್ಲ್ಯಾಬ್‌ಗೂ ನಡುವಿನ ಸಂದಿಗೆ ಸಿಮೆಂಟ್, ಮರಳು ಗಾರೆಯನ್ನು ನೀರು ತೀರಾ ಕಡಿಮೆ ಹಾಕಿ ಕಲಸಿ, ಕೋಲಿನಿಂದ ಬಿಗಿಯಾಗಿ ಜಡಿಯಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಬಿಡಬಾರದು, ಅಷ್ಟೇ ಹದ. ಕುಗ್ಗದ ಗ್ರೌಟ್ ಸಿಕ್ಕರೆ ಇನ್ನೂ ಒಳ್ಳೆಯದು. ಇಡೀ ಕೆಲಸದಲ್ಲಿ ನಾನು ನಿಂತು ನೋಡುವ ಜಾಗ ಇದೊಂದೇ. ಅವಸರದಲ್ಲಿ ಇಟ್ಟಿಗೆ ಚೂರು ತುರುಕಿ ಮೇಲೆ ಗಾರೆ ಮೆತ್ತಿಬಿಡುತ್ತಾರೆ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತದೆ.

ಗಾರೆ ಗಟ್ಟಿಯಾಗಲು ಕೆಲವು ದಿನ ಬಿಟ್ಟು ಊಟದ ಕೋಣೆ ಕಡೆಯಿಂದ ಎರಡನೆಯ ಗರ್ಡರ್, ಅದೇ ರೀತಿ. ಎರಡನ್ನೂ ನಡುನಡುವೆ ಬೋಲ್ಟ್ ಹಾಕಿ ಬಿಗಿದರೆ ಒಟ್ಟಿಗೆ ಕೆಲಸ ಮಾಡುತ್ತವೆ. ಎರಡೂ ಸೇರಿ 11 ಇಂಚು ಅಗಲ, ಗೋಡೆಗಿಂತ ಸ್ವಲ್ಪ ಹೊರಗೆ ಬರುತ್ತವೆ. ಆಮೇಲೆ ಜಾಲರಿ ಸುತ್ತಿ ಪ್ಲಾಸ್ಟರ್ ಮಾಡಿದರೆ ಸರಿಯಾಗುತ್ತದೆ, ತುಕ್ಕಿಗೂ ಬೆಂಕಿಗೂ ಅದು ಬೇಕೇ ಬೇಕು. ಇಷ್ಟಾದ ಮೇಲೆ ಕೆಳಗಿನ ಗೋಡೆ ತೆಗೆಯಿರಿ, ಮೇಲಿಂದ ಕೆಳಕ್ಕೆ, ಸಾಲು ಸಾಲಾಗಿ. ಅಂದಹಾಗೆ, ಹಳೇ ವೈರಿಂಗ್ ಪೈಪ್ ಆ ಗೋಡೆಯೊಳಗೇ ಇಳಿದಿರುತ್ತದೆ, ಮೊದಲೇ ಎಲೆಕ್ಟ್ರಿಷಿಯನ್‌ನ ಕರೆಸಿ ಲೈನ್ ಬದಲಿಸಿ. ಪಾಲಿಕೆಯ ಅನುಮತಿ ವಿಷಯವನ್ನೂ ಕೆಲಸ ಶುರುವಾಗುವ ಮೊದಲು ಕೇಳಿಕೊಳ್ಳಿ.

ಇಂಜಿನಿಯರ್ ಹತ್ತಿರ ಹೋದಾಗ ಬೀಮ್ ಸೈಜ್ ಒಂದನ್ನೇ ಚೀಟಿಯಲ್ಲಿ ಬರೆಸಿಕೊಂಡು ಬರಬೇಡಿ. ತುದಿಯ ವಿವರ, ಪಾಯದ ವಿವರ, ಜಾಕಿ ಎಲ್ಲೆಲ್ಲಿ, ಯಾವುದರ ನಂತರ ಯಾವುದು, ಇವೆಲ್ಲ ಡ್ರಾಯಿಂಗ್‌ನಲ್ಲಿ ಇರಬೇಕು. ಅದನ್ನು ಮೇಸ್ತ್ರಿಗೆ ಕೊಟ್ಟು, ಇಂಜಿನಿಯರ್ ಮತ್ತು ಮೇಸ್ತ್ರಿ ಇಬ್ಬರನ್ನೂ ಒಂದು ದಿನ ಮನೆಯಲ್ಲೇ ಕೂರಿಸಿ ಮಾತಾಡಿಸಿ. ನಿಮ್ಮ ಮೇಸ್ತ್ರಿ ಕೆಲಸ ಗೊತ್ತಿಲ್ಲದವರು ಅಂತ ನಾನು ಹೇಳುತ್ತಿಲ್ಲ. ಗರ್ಡರ್ ಎತ್ತಿ ಕೂರಿಸಿ ಗಾರೆ ಜಡಿಯುವ ಕೈ ಅವರದ್ದೇ. ಸೈಜ್ ನಿರ್ಧರಿಸುವುದು ಮಾತ್ರ ಲೆಕ್ಕದ ಕೆಲಸ.

ಕೊನೆಗೆ ಜಾಕಿ ತೆಗೆಯುವ ದಿನ. ಗೋಡೆ ಮುಟ್ಟುವ ಮೊದಲೇ ಮಹಡಿಯ ಗೋಡೆಯಲ್ಲಿ ಇರುವ ಹಳೇ ಬಿರುಕುಗಳ ತುದಿಗೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆದಿಡಿ, ಫೋಟೋ ತೆಗೆದಿಡಿ. ಹಾಲ್‌ನಲ್ಲಿ ಒಂದು ಕಾಲಂನಿಂದ ಇನ್ನೊಂದಕ್ಕೆ ಗರ್ಡರ್ ಕೆಳಗೆ ನೈಲಾನ್ ದಾರ ಬಿಗಿದು ಕಟ್ಟಿ, ನಡುವೆ ದಾರಕ್ಕೂ ಗರ್ಡರ್‌ಗೂ ಇರುವ ಅಂತರ ಅಳೆದು ಬರೆದುಕೊಳ್ಳಿ. ಮೊದಲು ಮಹಡಿಯ ಜಾಕಿಗಳು, ಆಮೇಲೆ ಕೆಳಗಿನವು. ಒಂದೊಂದನ್ನೇ ಪೂರ್ತಿ ತೆಗೆಯದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತ ಬನ್ನಿ. ಎಲ್ಲ ಸಡಿಲ ಆದ ಮೇಲೆ ಮತ್ತೆ ಅಳೆಯಿರಿ. ಮೂರು, ನಾಲ್ಕು ಮಿಲಿಮೀಟರ್ ಇಳಿದಿದ್ದರೆ ಲೆಕ್ಕದಂತೆಯೇ ಆಗಿದೆ. 8 ಮಿಲಿಮೀಟರ್ ದಾಟಿದ್ದರೆ, ಅಥವಾ ಪೆನ್ಸಿಲ್ ಗೆರೆ ದಾಟಿ ಬಿರುಕು ಮುಂದೆ ಹೋಗಿದ್ದರೆ, ಎಲ್ಲ ಜಾಕಿಗಳನ್ನೂ ಅವತ್ತೇ ವಾಪಸ್ ಬಿಗಿ ಮಾಡಿಸಿ ಇಂಜಿನಿಯರ್‌ಗೆ ಫೋನ್ ಮಾಡಿ.